ಒಳಕೋಣೆಯೋ, ಮಹಡಿಯೋ, ಅಂಗಳದಾಚೆಯೋ: ಹೋಂಸ್ಟೇ ನಡೆಸಿ ಕಂಡದ್ದು

ಹಳ್ಳಿಯ ಮನೆಯಲ್ಲಿ ಅತಿಥಿಗಳಿಗೆ ಎಲ್ಲಿ ಕೋಣೆ ಮಾಡಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಅಂಗಳದಾಚೆ ಬೇರೆಯಾಗಿ ಕಟ್ಟಿ, ಊಟದ ಜಗಲಿಯಲ್ಲಿ ಮಾತ್ರ ಎರಡನ್ನೂ ಕೂಡಿಸಿ. ಈ ತೀರ್ಮಾನಕ್ಕೆ ಬರುವ ಮೊದಲು ಮನೆಯೊಳಗಿನ ಎರಡು ಕೋಣೆಗಳನ್ನು ಎರಡು ವರ್ಷ ಕೊಟ್ಟು ನೋಡಿದೆವು. ಆಮೇಲೆ ತಮ್ಮನ ಮನೆಯ ಮಹಡಿಯನ್ನು ಒಂದು ವರ್ಷ ಇಬ್ಬರೂ ಸೇರಿ ನಡೆಸಿದೆವು. ಎರಡೂ ಕಡೆ ಖರ್ಚು ಮಾಡಿದ ಹಣದಲ್ಲಿ ಅಂಗಳದಾಚೆಯ ಕಟ್ಟಡದ ಅಡಿಪಾಯ ಏಳುತ್ತಿತ್ತು.

ಒಳಕೋಣೆಯ ಆಸೆ ಸಹಜ. ಕೋಣೆಗಳು ಹೇಗೂ ಇವೆ, ಬಣ್ಣ ಬಳಿದು ಹೊಸ ಹಾಸಿಗೆ ಹಾಕಿದರೆ ಸಾಕು ಎನ್ನಿಸುತ್ತದೆ. ಅತಿಥಿಗಳಿಗೂ ಅದು ಇಷ್ಟ, ಏಕೆಂದರೆ ಅವರು ಬರುವುದೇ ಒಂದು ಕುಟುಂಬದ ನಡುವೆ ಇರಲು. ನಮ್ಮನ್ನು ಸೋಲಿಸಿದ್ದು ಗೋಡೆ.

ನಮ್ಮದು ಹಂಚಿನ ಮಾಡಿನ ಮನೆ. ಇಂಥ ಮನೆಗಳಲ್ಲಿ ಕೋಣೆಗಳ ನಡುವಿನ ಗೋಡೆ ಅಡ್ಡತೊಲೆಯ ಮಟ್ಟಕ್ಕೆ ನಿಂತುಬಿಡುತ್ತದೆ. ಅಲ್ಲಿಂದ ಹಂಚಿನವರೆಗೆ ಬರೀ ಗಾಳಿ. ನಮ್ಮ ಕೋಣೆಯ ಅಗಲ ಹನ್ನೆರಡು ಅಡಿ, ಮಾಡಿನ ನೆತ್ತಿ ಗೋಡೆಯ ತಲೆಯಿಂದ ಮೂರು ಅಡಿ ಮೇಲೆ. ಅಂದರೆ ಹದಿನೆಂಟು ಚದರ ಅಡಿಯ ತ್ರಿಕೋನ ಕಿಂಡಿ. ಕೆಳಗೆ ಗೋಡೆ ಒಂದೂವರೆ ಅಡಿ ದಪ್ಪವಿದ್ದರೂ ಶಬ್ದ ಮೇಲಿನಿಂದ ನಡೆದು ಬರುತ್ತದೆ. ಮೊದಲ ವಾರವೇ ಅತಿಥಿಗಳ ಮಾತು ನಮಗೆ ಕೇಳಿತು. ಅಂದರೆ ನಮ್ಮದು ಅವರಿಗೂ ಕೇಳುತ್ತಿತ್ತು. ಮಗಳು ಓದಿನ ವಿಷಯಕ್ಕೆ ಅತ್ತದ್ದು, ಹಣದ ಬಗ್ಗೆ ನಾನೂ ಹೆಂಡತಿಯೂ ಆಡಿದ ಮಾತು, ಅಮ್ಮನ ರಾತ್ರಿಯ ಕೆಮ್ಮು, ಯಾವುದೂ ನಮ್ಮೊಳಗೆ ಉಳಿಯಲಿಲ್ಲ. "ನನ್ನ ಮನೆಯಲ್ಲಿ ನಾನೇ ಪಿಸುಗುಟ್ಟಬೇಕೇನೋ?" ಎಂದು ಅಮ್ಮ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಮೊದಲು ದಪ್ಪ ಪರದೆ ಹಾಕಿದೆವು, ಗೋಡೆಗೆ ಕಂಬಳಿ ತೂಗುಹಾಕಿದೆವು. ಪ್ರಯೋಜನವಾಗಲಿಲ್ಲ. ಬಟ್ಟೆ ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತದೆಯೇ ಹೊರತು ಕಿಂಡಿಯನ್ನು ಮುಚ್ಚುವುದಿಲ್ಲ. ಇದರ ಲೆಕ್ಕ ನಂತರ ತಿಳಿಯಿತು: ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೂ, ಉಳಿದದ್ದು ಎಷ್ಟೇ ಗಟ್ಟಿಯಾಗಿರಲಿ, ಅದು ಸುಮಾರು 20 ಡೆಸಿಬೆಲ್‌ಗಿಂತ ಹೆಚ್ಚು ಶಬ್ದವನ್ನು ತಡೆಯಲಾರದು. ಅಷ್ಟರಿಂದ ಮಾತು ಮಂದವಾಗುತ್ತದೆ, ಅರ್ಥವಾಗದಂತೆ ಆಗುವುದಿಲ್ಲ. ನಮ್ಮಲ್ಲಿ ತೆರೆದಿದ್ದದ್ದು ಅದರ ಎಷ್ಟೋ ಪಟ್ಟು.

ಕೊನೆಗೆ ಕಿಂಡಿಗೆ ಮರದ ಚೌಕಟ್ಟು ಕೂರಿಸಿ, ಎರಡೂ ಬದಿಗೆ ಜಿಪ್ಸಂ ಹಲಗೆ ಹೊಡೆದು, ನಡುವೆ ಖನಿಜ ಉಣ್ಣೆ ತುಂಬಿ, ಹಂಚಿಗೆ ತಾಗುವ ಅಂಚನ್ನೆಲ್ಲ ಮೆತ್ತಿದೆವು. ಶಬ್ದ ನಿಜಕ್ಕೂ ಇಳಿಯಿತು. ಆದರೆ ಬೇಸಿಗೆ ಬಂದಾಗ ಇನ್ನೊಂದು ಸತ್ಯ ಗೊತ್ತಾಯಿತು. ಕೋಣೆಯ ಬಿಸಿಗಾಳಿ ಇಷ್ಟು ವರ್ಷ ಹೊರಗೆ ಹೋಗುತ್ತಿದ್ದದ್ದು ಅದೇ ಕಿಂಡಿಯಿಂದ! ಕಿಂಡಿ ಮುಚ್ಚಿದ ಮೇಲೆ ಕೋಣೆಯಲ್ಲಿ ಧಗೆ ನಿಂತಿತು. ಹೊರಗೋಡೆಯ ನೆತ್ತಿಯಲ್ಲಿ ಗಾಳಿಗಂಡಿ ಒಡೆಸಬೇಕಾಯಿತು. ಹೀಗೆ ಒಂದು ತಪ್ಪಿನ ಹಿಂದೆ ಮತ್ತೊಂದು ಖರ್ಚು. ಹಂಚಿನ ಮನೆಯವರು ಈ ದಾರಿ ಹಿಡಿಯುವುದಾದರೆ ಗಾಳಿಗಂಡಿಯನ್ನು ಮೊದಲು ಮಾಡಿಸಿ, ಆಮೇಲೆ ಕಿಂಡಿ ಮುಚ್ಚಿಸಿ.

ಇಷ್ಟೆಲ್ಲ ಆದರೂ ಬಚ್ಚಲಿಗೆ ಹೋಗುವ ಓಣಿ ನಮ್ಮ ಮಲಗುವ ಕೋಣೆಯ ಬಾಗಿಲ ಮುಂದೆಯೇ ಉಳಿಯಿತು. ಅದಕ್ಕೆ ಮದ್ದಿಲ್ಲ.

ಮಹಡಿಯ ವಿಷಯ ಬೇರೆ. ಹೊರಗಿನಿಂದಲೇ ಮೆಟ್ಟಿಲು, ಮೇಲೆಯೇ ಬಚ್ಚಲು. ಕಾಂಕ್ರೀಟ್ ತಾರಸಿ ಮಾತನ್ನು ಚೆನ್ನಾಗಿ ತಡೆಯಿತು. ಆದರೆ ಹೆಜ್ಜೆ, ಎಳೆದ ಕುರ್ಚಿ, ಚಕ್ರದ ಪೆಟ್ಟಿಗೆ, ಇವೆಲ್ಲ ತಾರಸಿಯನ್ನೇ ಬಡಿಯುವ ಶಬ್ದಗಳು. ತಾರಸಿ ದಪ್ಪವಾದ ಮಾತ್ರಕ್ಕೆ ಅವು ನಿಲ್ಲುವುದಿಲ್ಲ. ಮೇಲಿನ ನೆಲಕ್ಕೆ ಮೆತ್ತನೆಯ ಹಾಸು, ಕುರ್ಚಿಯ ಕಾಲಿಗೆ ರಬ್ಬರ್ ಹಾಕಿದ ಮೇಲೆ ತಮ್ಮನ ಮನೆಯವರಿಗೆ ನಿದ್ರೆ ಬಂತು. ಶೌಚದ ಕೊಳವೆ ಮಾತ್ರ ಅವರ ಮಂಚದ ತಲೆಯ ಗೋಡೆಯಲ್ಲೇ ಇಳಿದಿತ್ತು, ಅದನ್ನು ಹೊರಗೋಡೆಗೆ ಸರಿಸಬೇಕಾಯಿತು. ಮೆಟ್ಟಿಲು ಹತ್ತಲಾಗದ ವಯಸ್ಸಾದವರನ್ನು ನಾವು ಕರೆಯುವಂತೆಯೇ ಇರಲಿಲ್ಲ. ಮೇಲಿನ ಕಿಟಕಿಯಿಂದ ಹಿತ್ತಿಲು ಪೂರ್ತಿ ಕಾಣುತ್ತಿತ್ತು. ಬಟ್ಟೆ ಒಗೆಯಲು ಹೋಗುವ ನಾದಿನಿ ಮೊದಲು ತಲೆಯೆತ್ತಿ ಕಿಟಕಿ ನೋಡುವುದನ್ನು ಕಂಡಾಗ ನನಗೆ ಸಂಕಟವಾಯಿತು. ಜಾಗವೇ ಇಲ್ಲದವರಿಗೆ ಮಹಡಿ ಒಳ್ಳೆಯದೇ, ಆದರೆ ಹಿತ್ತಿಲ ಕಡೆಯ ಕಿಟಕಿಯ ಕೆಳಅಂಚು ನೆಲದಿಂದ ಐದೂವರೆ ಅಡಿ ಎತ್ತರದಲ್ಲಿರಲಿ. ಬೆಳಕೂ ಗಾಳಿಯೂ ಬರುತ್ತವೆ, ನಿಂತವರ ನೋಟ ಸುಲಭವಾಗಿ ಕೆಳಗೆ ಇಳಿಯುವುದಿಲ್ಲ.

ಈಗಿನದು ಮನೆಯಿಂದ ಇಪ್ಪತ್ತನಾಲ್ಕು ಅಡಿ ದೂರದಲ್ಲಿದೆ. ಎರಡು ಕೋಣೆಗಳ ನಡುವೆ ಎರಡು ಬಚ್ಚಲುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕಟ್ಟಿದ್ದೇವೆ. ಹಾಗಾಗಿ ಒಂದು ಕೋಣೆಯ ಮಾತು ಇನ್ನೊಂದಕ್ಕೆ ಹೋಗುವುದಿಲ್ಲ, ಕೊಳವೆಗಳೂ ಒಂದೇ ಕಡೆ. ಮಾಡು ಹೊದಿಸಿದ ಕಾಲುದಾರಿ ಅಡುಗೆಮನೆಯ ಪಕ್ಕದ ಜಗಲಿಗೆ ಬರುತ್ತದೆ. ಊಟ, ಹರಟೆ, ಮಕ್ಕಳ ಆಟ ಎಲ್ಲ ಅಲ್ಲೇ. ಕುಟುಂಬದವರ ಓಡಾಟ ಹಿತ್ತಿಲ ಕಡೆ, ಅತಿಥಿಗಳದು ಅಂಗಳದ ಕಡೆ. ಇವೆರಡೂ ಜಗಲಿಯೊಂದರಲ್ಲೇ ಸೇರುತ್ತವೆ. ಬೇರೆ ಕಟ್ಟಡವಾದರೆ ಅತಿಥಿಗಳು ದೂರವಾಗುತ್ತಾರೆ ಎಂದು ಹೆದರಿದ್ದೆ. ಆದದ್ದು ಬೇರೆಯೇ. ಎದ್ದು ಹೋಗಲು ತಮ್ಮದೇ ಜಾಗವಿದೆ ಎಂದು ಗೊತ್ತಾದ ಮೇಲೆ ಅವರೂ ನಾವೂ ಜಗಲಿಯಲ್ಲಿ ಹೆಚ್ಚು ಹೊತ್ತು ಕುಳಿತೆವು.

ಇದರಲ್ಲೂ ಒಂದು ಎಡವಟ್ಟಿತ್ತು. ನೀರು ಕಾಯಿಸುವ ಯಂತ್ರವನ್ನು ಮನೆಯಲ್ಲೇ ಇಟ್ಟು, ಇಪ್ಪತ್ತು ಮೀಟರ್ ಕೊಳವೆ ಎಳೆದಿದ್ದೆವು. 15 ಮಿಲಿಮೀಟರ್ ಒಳವ್ಯಾಸದ ಅಷ್ಟು ಉದ್ದದ ಕೊಳವೆಯಲ್ಲಿ ಮೂರೂವರೆ ಲೀಟರ್ ನೀರು ನಿಂತಿರುತ್ತದೆ. ಅದೆಲ್ಲ ಹರಿದುಹೋಗುವವರೆಗೆ ಬಿಸಿನೀರು ಬರುವುದಿಲ್ಲ. ಯಂತ್ರವನ್ನು ಬಚ್ಚಲುಗಳ ನಡುಗೋಡೆಗೆ ಸ್ಥಳಾಂತರಿಸಿದ ಮೇಲೆ ಸರಿಯಾಯಿತು.

ಖರ್ಚು ಮೂರರಲ್ಲೂ ಇದಕ್ಕೇ ಹೆಚ್ಚು: ಅಡಿಪಾಯ ಬೇರೆ, ಮಾಡು ಬೇರೆ. ನಾವು ಒಂದೇ ಕೋಣೆ ಮುಗಿಸಿ, ಎರಡನೆಯದನ್ನು ಅಡಿಪಾಯದ ಮಟ್ಟಕ್ಕೆ ಬಿಟ್ಟು, ಒಂದು ವರ್ಷದ ಆದಾಯದಿಂದ ಏರಿಸಿದೆವು. ನಮ್ಮದು ಆರು ಜನರ ಮನೆ. ಬೆಳಗಾಗುವ ಮೊದಲೇ ಎದ್ದು ಕೆಲಸ ಶುರುಮಾಡುವವರು, ಸ್ವಲ್ಪ ಜೋರಾಗಿಯೇ ಮಾತನಾಡುವವರು. ಮಕ್ಕಳು ದೂರ ಹೋಗಿ ಇಬ್ಬರೇ ಉಳಿದ ಮನೆಯಲ್ಲಿ, ಒಂದು ಸಲಕ್ಕೆ ಒಂದೇ ಕುಟುಂಬವನ್ನು ಕರೆಯುವುದಾದರೆ ಒಳಕೋಣೆಯೂ ಸಾಕಾಗಬಹುದು.

ಅಡಿಪಾಯ ತೋಡುವ ಮೊದಲು ಅಂಗಳದಲ್ಲಿ ಸುಣ್ಣದ ಪುಡಿಯಿಂದ ನಕ್ಷೆ ಎಳೆದು, ಎರಡು ರಾತ್ರಿ ಹನ್ನೊಂದು ಗಂಟೆಗೆ ಅತಿಥಿಗಳಂತೆ ನಡೆದು ನೋಡಿದೆವು. ಕೋಣೆಯಿಂದ ಬಚ್ಚಲಿಗೆ, ಕುಡಿಯುವ ನೀರಿಗೆ, ಗೇಟಿಗೆ. ಎಲ್ಲಿಯಾದರೂ ಮನೆಯವರ ಬಾಗಿಲನ್ನು ಹಾದುಹೋಗಬೇಕಾಗುತ್ತದೆಯೇ ಎಂಬುದಷ್ಟೇ ಪರೀಕ್ಷೆ. ಮೊದಲ ರಾತ್ರಿ ನೀರಿನ ದಾರಿಯಲ್ಲಿ ಅಮ್ಮನ ಕಿಟಕಿ ಸಿಕ್ಕಿತು. ನೀರಿನ ಹೂಜಿಯ ಕಟ್ಟೆಯನ್ನು ಜಗಲಿಯ ಆಚೆ ತುದಿಗೆ ಸರಿಸಿ ಹೊಸ ಗೆರೆ ಎಳೆದೆವು. ಎರಡನೆಯ ರಾತ್ರಿ ಅಮ್ಮ ಒಳಗೆ ಮಲಗಿಕೊಂಡೇ, "ಈ ಸಲ ನೀನು ನಡೆದದ್ದು ನನಗೆ ಕೇಳಲಿಲ್ಲ" ಎಂದರು. ಮರುದಿನ ಬೆಳಿಗ್ಗೆ ತೋಡಲು ಆರಂಭಿಸಿದೆವು.