ದಪ್ಪ ಹಳದಿ ಉಗುರು: ಫೋಟೋ, ಕೆರೆದ ಪುಡಿ, ಕತ್ತರಿಸಿದ ತುಂಡು, ಮೂರನ್ನೂ ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಕತ್ತರಿಸಿದ ತುಂಡಿಗೆ. ಕಾಲಿನ ಉಗುರು ದಪ್ಪ ಆಗಿ, ಹಳದಿ ತಿರುಗಿ, ಪುಡಿಪುಡಿಯಾಗಿ ಉದುರಲು ಶುರುವಾದರೆ ಒಂದು ಚೂರನ್ನು ಲ್ಯಾಬಿಗೆ ಕಳಿಸಿ, ಆಮೇಲೆ ಮದ್ದಿಗೆ ದುಡ್ಡು ಹಾಕಿ. ನಾನು ಉಲ್ಟಾ ಮಾಡಿದೆ. ನೈಲ್ ಪಾಲಿಶ್ ಹಾಗೆ ಹಚ್ಚುವ ಫಂಗಸ್ ಮದ್ದು, ಲ್ಯಾಕರ್ ಅನ್ನುತ್ತಾರೆ, ಅದರ ಎರಡು ಬಾಟ್ಲಿ ಮುಗಿಸಿದ ಮೇಲೆ ಪರೀಕ್ಷೆಗೆ ಹೋದೆ. ಆ ಎರಡು ಬಾಟ್ಲಿಯ ದುಡ್ಡಲ್ಲಿ ಪರೀಕ್ಷೆ ಮಾಡಿಸಿ, ಬಸ್ಸಲ್ಲಿ ಮಂಗಳೂರಿಗೆ ಹೋಗಿ ಬಂದು, ಊಟವನ್ನೂ ಮಾಡಬಹುದಿತ್ತು.

ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಡಿಕೆ ತೋಟ. ಮಳೆಗಾಲದಲ್ಲಿ ದಿನವಿಡೀ ಗಮ್‌ಬೂಟು. ಬಲಗಾಲಿನ ಹೆಬ್ಬೆರಳಿನ ಉಗುರು ಎರಡು ವರ್ಷದಿಂದ ಕೆಟ್ಟಿತ್ತು. ನೋವಿಲ್ಲದ್ದರಿಂದ ಸುಮ್ನೆ ಬಿಟ್ಟಿದ್ದೆ. ಉಗುರು ಕತ್ತರಿಯ ಬಾಯಿಗೆ ಹಿಡಿಸದಷ್ಟು ದಪ್ಪ ಆದಾಗ ಫೋಟೋ ತೆಗೆದು ನಮ್ಮ ಮನೆಯವರ ಗುಂಪಿಗೆ ಹಾಕಿದೆ. ಅರ್ಧ ಗಂಟೆಯಲ್ಲಿ ವಿಟ್ಲದ ಅಕ್ಕ ತನ್ನ ಎಡಗಾಲಿನ ಹೆಬ್ಬೆರಳಿನ ಫೋಟೋ ಹಾಕಿ, "ನಂದೂ ಹೀಗೇ ಉಂಟು ತಮ್ಮಾ" ಅಂದಳು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಯಾರದ್ದು ಅಂತ ನಮಗೇ ಗೊತ್ತಾಗದ ಹಾಗಿತ್ತು. ಅದೇ ಹಳದಿ, ಅದೇ ದಪ್ಪ, ಉಗುರಿನ ಅಡಿಯಲ್ಲಿ ಅದೇ ಅವಲಕ್ಕಿ ಪುಡಿಯಂಥ ಕಸ.

ನನ್ನ ಫೋಟೋಗೆ ಮೂರು ಉತ್ತರ ಬಂತು. ಮದ್ದಿನಂಗಡಿಯವರು ನೋಡಿದ ಕೂಡಲೇ "ಪೂಪ್ಪಲ್" ಅಂದರು, ಅಂದರೆ ಫಂಗಸ್. ನರ್ಸಿಂಗ್ ಓದುವ ಸೋದರ ಸೊಸೆ ಸೋರಿಯಾಸಿಸ್ ಇರಬಹುದು ಮಾವ ಅಂದಳು, ಅಂದರೆ ಸಿಪ್ಪೆ ಏಳುವ ಚರ್ಮರೋಗ. ಭಾವ ಮಾತ್ರ ಗಮ್‌ಬೂಟಿನ ಮೂತಿಗೆ ಬೆರಳು ಬಡಿದು ಬಡಿದು ಹಾಗಾದದ್ದು, ಬೂಟು ಬದಲಾಯಿಸು ಅಂದರು. ತಮಾಷೆ ಅಂದರೆ ಮೂವರ ಮಾತಿಗೂ ಆ ಫೋಟೋದಲ್ಲಿ ಜಾಗ ಇತ್ತು. ಹೀಗೆ ಕೆಟ್ಟ ಉಗುರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಫಂಗಸ್ ಅಂತೆ. ಉಳಿದರ್ಧ ಬೇರೆ ಏನೇನೋ. ಅಂದರೆ ಫೋಟೋ ನೋಡಿ ಫಂಗಸ್ ಅನ್ನುವುದು ನಾಣ್ಯ ಚಿಮ್ಮಿದ ಹಾಗೆ.

ನಾನು ಅಂಗಡಿಯವರ ಮಾತು ಕೇಳಿ ಅಮೊರಾಲ್ಫಿನ್ ಶೇಕಡಾ 5ರ ಲ್ಯಾಕರ್ ತಂದೆ. ವಾರಕ್ಕೊಮ್ಮೆ ಉಗುರನ್ನು ಅರದಿಂದ ಉಜ್ಜಿ ಹಚ್ಚುವುದು. ಏಳು ತಿಂಗಳು ತಪ್ಪಿಸಲಿಲ್ಲ. ಉಗುರು ಹಾಗೇ ಇತ್ತು.

ಆಮೇಲೆ ಊರ ಹತ್ತಿರದ ಲ್ಯಾಬಿನಲ್ಲಿ ಕೆರೆದು ನೋಡುವ ಪರೀಕ್ಷೆ, ಕೆಓಹೆಚ್ ಅನ್ನುತ್ತಾರೆ. ಉಗುರಿನ ಪುಡಿಯ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿದರೆ ಉಗುರಿನ ಅಂಶ ಕರಗುತ್ತದೆ, ಫಂಗಸ್‌ನ ನೂಲು ಕರಗದೆ ಉಳಿಯುತ್ತದೆ, ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಅಗ್ಗ, ಅದೇ ದಿನ ಉತ್ತರ. ನನ್ನ ಚೀಟಿಯಲ್ಲಿ ಫಂಗಸ್ ಕಾಣಲಿಲ್ಲ ಅಂತ ಬಂತು.

ನಾನು ಎಡವಿದ್ದು ಇಲ್ಲೇ, ಹಾಗಾಗಿ ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ. ಲ್ಯಾಬಿನ ಹುಡುಗ ತೆಗೆದದ್ದು ಉಗುರಿನ ತುದಿಯ ಪುಡಿ. ಸುಲಭಕ್ಕೆ ಸಿಗುವುದು ಅದೇ ಅಲ್ವಾ? ಆದರೆ ಕಾಲುಗುರಿನ ಫಂಗಸ್ ಸಾಮಾನ್ಯವಾಗಿ ತುದಿಯಿಂದ ಅಥವಾ ಬದಿಯಿಂದ ಹೊಕ್ಕು, ಉಗುರಿನ ಅಡಿಯಲ್ಲೇ ಬುಡದ ಕಡೆಗೆ ಹೋಗುತ್ತದೆ. ಜೀವಂತ ಫಂಗಸ್ ಜಾಸ್ತಿ ಇರುವುದು ಆ ಮುಂಚೂಣಿಯಲ್ಲಿ, ಹಳದಿ ಮುಗಿದು ಒಳ್ಳೆ ಉಗುರು ಶುರುವಾಗುವ ಗಡಿಯಲ್ಲಿ. ತುದಿಯಲ್ಲಿರುವುದು ಹಳೇ ಕಸ, ಸತ್ತ ನೂಲು, ತೋಟದ ಮಣ್ಣು. ಸರಿಯಾಗಿ ಮಾಡಬೇಕಾದರೆ ಮೊದಲು ಉಗುರನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಎದ್ದಿರುವ ತುದಿಯನ್ನು ಕತ್ತರಿಸಿ ಬಿಸಾಡಿ, ಆಮೇಲೆ ಅಡಿಯಲ್ಲಿ ಆದಷ್ಟು ಹಿಂದೆ ಹೋಗಿ ಕೆರೆಯಬೇಕು. ಇದಕ್ಕೆ ತಾಳ್ಮೆ ಬೇಕು, ಸ್ವಲ್ಪ ಕಚಗುಳಿಯೂ ಆಗುತ್ತದೆ.

ಎರಡನೇ ತಪ್ಪು ನನ್ನದೇ. ಹಿಂದಿನ ಭಾನುವಾರ ಲ್ಯಾಕರ್ ಹಚ್ಚಿ ಬುಧವಾರ ಪರೀಕ್ಷೆಗೆ ಹೋಗಿದ್ದೆ. ಫಂಗಸ್‌ನ ಮದ್ದು ಹಚ್ಚಿಕೊಂಡು ಹೋಗಿ ಫಂಗಸ್ ಹುಡುಕಿ ಅಂದರೆ ಸಿಗುವುದು ಕಷ್ಟ. ಹಚ್ಚುವ ಮದ್ದಾದರೆ ಕೆಲವು ವಾರ ನಿಲ್ಲಿಸಿ ಹೋಗಬೇಕು, ನುಂಗುವ ಮಾತ್ರೆಯಾದರೆ ಇನ್ನೂ ಜಾಸ್ತಿ ದಿನ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಲ್ಲ ಸರಿ ಮಾಡಿದರೂ ಈ ಪರೀಕ್ಷೆ ಇರುವ ಫಂಗಸ್ಸನ್ನು ಎಷ್ಟೋ ಸಲ ಹಿಡಿಯುವುದಿಲ್ಲ. ಕಂಡರೆ ನಂಬಬಹುದು, ಕಾಣದಿದ್ದರೆ ಇಲ್ಲ ಅಂತ ಅರ್ಥ ಅಲ್ಲ.

ನಾನು ಇಲ್ಲ ಅಂತಲೇ ಅರ್ಥ ಮಾಡಿಕೊಂಡೆ. ಹಾಗಾದರೆ ಸೊಸೆ ಹೇಳಿದ್ದೇ ಸರಿ ಅಂದುಕೊಂಡು ಅಕ್ಕನ ಸ್ಟೀರಾಯ್ಡ್ ಮುಲಾಮು ತಂದು ಹಚ್ಚಿದೆ. ಒಂದೂವರೆ ತಿಂಗಳಲ್ಲಿ ಕಿರುಬೆರಳ ಸಂದು ಬೆಳ್ಳಗೆ ನೆನೆದ ಹಾಗಾಗಿ ತುರಿಸಲು ಶುರುವಾಯಿತು, ಪಾದದ ಅಂಚಿನವರೆಗೆ ಸಿಪ್ಪೆ ಎದ್ದಿತು. ಫಂಗಸ್ ಇರುವಲ್ಲಿ ಸ್ಟೀರಾಯ್ಡ್ ಹಚ್ಚಿದರೆ ಅದಕ್ಕೆ ಗೊಬ್ಬರ ಹಾಕಿದ ಹಾಗೆ.

ಆಮೇಲೆ ಹೋದದ್ದು ಮಂಗಳೂರಿಗೆ, ಚರ್ಮದ ಡಾಕ್ಟ್ರ ಹತ್ತಿರ, ಅಕ್ಕನನ್ನೂ ಕರೆದುಕೊಂಡು. ಡಾಕ್ಟ್ರು ನನ್ನ ಫೋನನ್ನು ಮುಟ್ಟಲೇ ಇಲ್ಲ. ಎರಡೂ ಪಾದ, ಬೆರಳ ಸಂದು, ಹಿಮ್ಮಡಿ, ಎರಡೂ ಕೈ ನೋಡಿದರು. ನನ್ನಲ್ಲಿ ಒಂದೇ ಉಗುರು, ಅದೇ ಕಾಲಿನ ಸಂದಿನಲ್ಲಿ ತುರಿಕೆ, ಪಾದದಲ್ಲಿ ಸಿಪ್ಪೆ. ಹಳದಿಯ ಹಿಂದಿನ ಅಂಚು ಗರಗಸದ ಹಲ್ಲಿನ ಹಾಗೆ, ಬುಡದ ಕಡೆಗೆ ಚೂಪಾಗಿ ಚಾಚಿತ್ತು. ಇದು ಫಂಗಸ್‌ನ ನಡಿಗೆ ಅಂದರು.

ಅಕ್ಕನ ಕಾಲಿಗಿಂತ ಕೈಯನ್ನೇ ಜಾಸ್ತಿ ಹೊತ್ತು ನೋಡಿದರು. ಅವಳ ಕೈಯುಗುರಲ್ಲಿ ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಗುಳಿಗಳಿದ್ದವು. ಒಂದು ಉಗುರಿನ ಅಡಿಯಲ್ಲಿ ಎಣ್ಣೆ ಹನಿ ಬಿದ್ದಂಥ ಕಂದು ಕಲೆ. ಅರಿಶಿನದ್ದು ಅಂತ ಅವಳು ಅಂದುಕೊಂಡಿದ್ದಳು, ಒರೆಸಿದರೆ ಹೋಗಲಿಲ್ಲ. ಕಿವಿಯ ಹಿಂದೆ ವರ್ಷಗಳಿಂದ ಹೊಟ್ಟು ಅಂತ ಬಿಟ್ಟ ಸಿಪ್ಪೆ. ಬೆಳಗ್ಗೆ ಎದ್ದಾಗ ಬೆರಳ ಕೊನೆಯ ಗಂಟು ಬಿಗಿಯುತ್ತದಾ ಅಂತ ಕೇಳಿದರು. ಅಕ್ಕ ನನ್ನ ಮುಖ ನೋಡಿದಳು. ದೋಸೆ ಹಿಟ್ಟು ಕಲಸುವಾಗ ನೋವು ಅಂತ ಅವಳು ಹೇಳಿದ್ದನ್ನು ನಾವೆಲ್ಲ ವಯಸ್ಸಿನದ್ದು ಅಂದುಬಿಟ್ಟಿದ್ದೆವು. ಇವೆಲ್ಲ ಸೋರಿಯಾಸಿಸ್‌ನ ಗುರುತು. ಅದು ಗಂಟಿಗೂ ಇಳಿಯುತ್ತದೆ, ತಡ ಮಾಡಬಾರದು. ಹೆಬ್ಬೆರಳಿನ ಫೋಟೋದಲ್ಲಿ ಇದ್ಯಾವುದೂ ಇರಲಿಲ್ಲ. ಗುಳಿಗಳು ಕಾಣುವುದು ಕೈಯುಗುರಲ್ಲೇ ಜಾಸ್ತಿ, ಕಾಲುಗುರಲ್ಲಿ ಅಪರೂಪ.

ಪೆಟ್ಟಿನ ಮಾತೂ ಬಂತು. ಭಾವನ ಮಗನಿಗೆ ಫುಟ್ಬಾಲ್ ಆಡಿ ಉಗುರು ಕಪ್ಪಾಗಿ, ದಪ್ಪ ಆಗಿ, ಹಳದಿ ಆಗಿತ್ತು. ನೋಡುವುದು ಹೇಗೆ ಅಂದರೆ ಕೆಟ್ಟ ಭಾಗ ಯಾವ ಕಡೆಗೆ ಹೋಗುತ್ತದೆ ಅಂತ. ಒಂದು ಸಲದ ಪೆಟ್ಟಾದರೆ ಬುಡದಿಂದ ಒಳ್ಳೆ ಉಗುರು ಬಂದು ಕೆಟ್ಟದ್ದನ್ನು ಮುಂದಕ್ಕೆ ತಳ್ಳುತ್ತದೆ, ತಿಂಗಳಿಗೆ ಒಂದು, ಒಂದೂವರೆ ಮಿಲಿಮೀಟರ್. ಫಂಗಸ್ಸಾದರೆ ಮುಂದಕ್ಕೆ ಸರಿಯುವುದಿಲ್ಲ, ಹಿಂದಕ್ಕೆ ಹರಡುತ್ತದೆ. ಫೋಟೋ ಉಪಯೋಗಕ್ಕೆ ಬರುವುದು ಇಲ್ಲಿ ಮಾತ್ರ: ಹಗಲು ಬೆಳಕಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಎರಡು ತಿಂಗಳಿಗೊಂದು. ಹುಡುಗನದ್ದು ಮುಂದಕ್ಕೆ ಹೋಯಿತು, ಮದ್ದೇ ಬೇಕಾಗಲಿಲ್ಲ. (ಪೆಟ್ಟಿಲ್ಲದೆ ಕಪ್ಪಾದರೆ, ಮುಂದೆ ಸರಿಯದಿದ್ದರೆ ಕಾಯಬೇಡಿ, ತೋರಿಸಿ.) ಆದರೆ ಬೂಟಿನಂತೆ ದಿನಾ ಬಡಿಯುತ್ತಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಮತ್ತೆ ಪೆಟ್ಟು ತಿಂದ ಉಗುರಿಗೆ ಫಂಗಸ್ ಬೇಗ ಹೊಕ್ಕುತ್ತದೆ. ಭಾವ ಪೂರ್ತಿ ತಪ್ಪಲ್ಲ.

ಇಷ್ಟು ನೋಡಿಯೂ ಡಾಕ್ಟ್ರು ಇಬ್ಬರ ಉಗುರನ್ನೂ ಕತ್ತರಿಸಿ ಕಳಿಸಿದರು. ಅಕ್ಕನದ್ದು ಯಾಕೆ ಅಂದರೆ, ಸೋರಿಯಾಸಿಸ್ ಉಗುರಿನೊಳಗೆ ಫಂಗಸ್ಸೂ ಸೇರಿಕೊಳ್ಳಬಹುದು. ಆದಷ್ಟು ಹಿಂದಿನಿಂದ ಒಂದು ತುಂಡು, ಅದರ ಅಡಿಯ ಕಸ ಸಮೇತ. ನೋವಿಲ್ಲ, ರಕ್ತ ಇಲ್ಲ. ಲ್ಯಾಬಿನಲ್ಲಿ ಅದನ್ನು ತೆಳ್ಳಗೆ ಸೀಳಿ ಪಿಎಎಸ್ ಅನ್ನುವ ಬಣ್ಣ ಹಾಕಿದರೆ ಫಂಗಸ್‌ನ ಗೋಡೆ ಕೆಂಪುನೇರಳೆಯಾಗಿ ಎದ್ದು ಕಾಣುತ್ತದೆ. ಕೆರೆದು ನೋಡುವುದಕ್ಕಿಂತ ಇದು ತಪ್ಪುವುದು ಕಡಿಮೆ. ಕೊರತೆ ಇಲ್ಲ ಅಂತಲ್ಲ: ಯಾವ ಜಾತಿ, ಸತ್ತಿದೆಯಾ ಬದುಕಿದೆಯಾ ಅಂತ ಹೇಳುವುದಿಲ್ಲ, ಅದಕ್ಕೆ ಕಲ್ಚರ್ ಬೇಕು, ಅಂದರೆ ಲ್ಯಾಬಿನಲ್ಲಿ ಫಂಗಸ್ಸನ್ನು ಬೆಳೆಸಿ ನೋಡುವುದು, ಅದು ನಾಲ್ಕು ವಾರದ ಕೆಲಸ. ನನ್ನ ರಿಪೋರ್ಟು ಎಂಟನೇ ದಿನ ಬಂತು. ನನ್ನದರಲ್ಲಿ ಫಂಗಸ್ ಇತ್ತು. ಅಕ್ಕನದರಲ್ಲಿ ಇರಲಿಲ್ಲ.

ಅಂಗಡಿಯವರು ಹೇಳಿದ್ದೇ ಸರಿ ಆಯಿತಲ್ಲ, ಮತ್ತೆ ಪರೀಕ್ಷೆ ಯಾಕೆ ಅಂತ ಭಾವ ಕೇಳಿದರು. ಅದೇ ಲ್ಯಾಕರ್‌ನ ಒಂದು ಬಾಟ್ಲಿ ಅಕ್ಕನೂ ತಂದು ಹಚ್ಚುತ್ತಿದ್ದಳು. ಮಾತ್ರೆಯನ್ನೂ ಹಾಗೇ ನುಂಗಿದ್ದರೆ? ನನ್ನದರಲ್ಲೂ ಹೆಸರು ಸರಿ, ಮದ್ದು ತಪ್ಪು. ಲ್ಯಾಕರ್ ಉಗುರಿನ ಅರ್ಧಕ್ಕಿಂತ ಕಡಿಮೆ ಕೆಟ್ಟು, ಬುಡ ಚೆನ್ನಾಗಿರುವವರಿಗೆ. ನನ್ನದು ಬುಡದ ಹತ್ತಿರ ಮುಟ್ಟಿತ್ತು. ಲಿವರಿನ ರಕ್ತ ಪರೀಕ್ಷೆ ಮಾಡಿಸಿ, ಟರ್ಬಿನಾಫಿನ್ 250 ಮಿಲಿಗ್ರಾಂ ದಿನಕ್ಕೊಂದು, 12 ವಾರ ಕೊಟ್ಟರು. ಬೇರೆಯವರು ಇದನ್ನು ಓದಿ ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳುವಂಥದ್ದಲ್ಲ, ಲಿವರ್ ತೊಂದರೆ ಇದ್ದವರಿಗೆ ಆಗುವುದಿಲ್ಲ.

ಮಾತ್ರೆ ಮುಗಿದ ದಿನ ಫೋಟೋ ತೆಗೆದೆ. ಉಗುರು ಹೆಚ್ಚುಕಡಿಮೆ ಹಳೇ ಹಾಗೇ, ಬುಡದಲ್ಲಿ ಮಾತ್ರ ಅಕ್ಕಿ ಕಾಳಿನ ದಪ್ಪಕ್ಕೆ ಒಂದು ಗುಲಾಬಿ ಪಟ್ಟಿ. ಗುಂಪಿಗೆ ಹಾಕಿದ್ದಕ್ಕೆ "ಏನೂ ಪ್ರಯೋಜನ ಆಗಲಿಲ್ಲ ಅಲ್ವಾ" ಅಂತ ಭಾವನ ಉತ್ತರ. ಹೆಬ್ಬೆರಳಿನ ಉಗುರು ಪೂರ್ತಿ ಬದಲಾಗಲು ವರ್ಷ, ಒಂದೂವರೆ ವರ್ಷ ಬೇಕು. ಈಗ ಮಾತ್ರೆ ನಿಲ್ಲಿಸಿ ಐದು ತಿಂಗಳಾಯಿತು, ಪಟ್ಟಿ ಸ್ಕೇಲಿನಲ್ಲಿ ಒಂಬತ್ತು ಮಿಲಿಮೀಟರ್. ಗಮ್‌ಬೂಟು ಒಂದು ಸೈಜ್ ದೊಡ್ಡದು ತಂದೆ, ಹಳೆಯದು ನಾಯಿಗೂಡಿನ ಹತ್ತಿರ ಬಿದ್ದಿದೆ.