ರಿನ್ಯೂವಲ್ ಪತ್ರದಲ್ಲಿರುವ ‘ಕೊನೆಯ ದಿನ’ ನಂಬಬೇಡಿ: ನಮ್ಮ ಲಿಫ್ಟ್ ಎಎಂಸಿಯಲ್ಲಿ ಆದದ್ದು

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆ ಒಪ್ಪಂದದ ವಿಷಯದಲ್ಲಿ ನಾನು ಮೋಸ ಹೋದೆ. ‘ಮೋಸ ಅನ್ನಬೇಡಿ, ಎಲ್ಲಾ ಕಾಗದದಲ್ಲೇ ಇತ್ತಲ್ಲ’ ಅಂತ ನಮ್ಮ ಕಮಿಟಿಯವರೇ ಒಬ್ಬರು ಹೇಳಿದರು. ಇತ್ತು, ನಿಜ. ಒಂದು ದಿನಾಂಕ ಒಂದು ಕಾಗದದಲ್ಲಿ, ಇನ್ನೊಂದು ದಿನಾಂಕ ಇನ್ನೊಂದು ಕಾಗದದಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದಿದ್ದದ್ದು ನನ್ನ ತಪ್ಪು. ಆದರೆ ಆ ಪತ್ರ ಬರೆದವರಿಗೆ ಎರಡೂ ಗೊತ್ತಿತ್ತು. ನನಗೆ ಕೋಪ ಬರುವುದು ಅದಕ್ಕೇ.

ನಾನು ಅಸೋಸಿಯೇಷನ್ ಕಾರ್ಯದರ್ಶಿ. ಒಪ್ಪಂದದ ಅವಧಿ ಏಪ್ರಿಲ್ 1ರಿಂದ ಮಾರ್ಚ್ 31. ಫೆಬ್ರವರಿ 6ಕ್ಕೆ ಲಿಫ್ಟ್ ನೋಡಿಕೊಳ್ಳುವ ಕಂಪನಿಯಿಂದ ರಿನ್ಯೂವಲ್ ಪತ್ರ ಬಂತು. ನೋಡಲು ಬಹಳ ಅಚ್ಚುಕಟ್ಟಾಗಿತ್ತು. ಮೂರು ಆಯ್ಕೆ ಕೊಟ್ಟಿದ್ದರು. ಒಂದು, ಕಾಂಪ್ರಹೆನ್ಸಿವ್ ಒಂದು ವರ್ಷಕ್ಕೆ, ದರ ನೂರಕ್ಕೆ 12 ಜಾಸ್ತಿ. ಎರಡು, ಕಾಂಪ್ರಹೆನ್ಸಿವ್ ಮೂರು ವರ್ಷಕ್ಕೆ, ಪ್ರತಿವರ್ಷ ನೂರಕ್ಕೆ 6 ಜಾಸ್ತಿ. ಮೂರು, ನಾನ್ ಕಾಂಪ್ರಹೆನ್ಸಿವ್, ಅಂದರೆ ಸರ್ವೀಸ್ ಮಾತ್ರ ಅವರದು, ಬಿಡಿಭಾಗ ನಮ್ಮ ಖರ್ಚು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಸುತ್ತ ಚೌಕ ಹಾಕಿ: ‘ನಿಮ್ಮ ತೀರ್ಮಾನ ತಿಳಿಸಲು ಕೊನೆಯ ದಿನ ಮಾರ್ಚ್ 15.’

ಇಷ್ಟು ಸ್ಪಷ್ಟವಾಗಿ ಬರೆದಿದ್ದರೆ ಯಾರಾದರೂ ಏನು ಅಂದುಕೊಳ್ಳುತ್ತಾರೆ? ಮಾರ್ಚ್ 15ರವರೆಗೆ ಸಮಯ ಇದೆ ಅಂತ ತಾನೇ? ನಾನೂ ಹಾಗೇ ಅಂದುಕೊಂಡೆ. ಬೇರೆ ಇಬ್ಬರ ಹತ್ತಿರ ಕೊಟೇಶನ್ ತರಿಸಿದೆ. ಕಮಿಟಿ ಮೀಟಿಂಗ್ ಕರೆದೆ. ಬೇರೆಯವರಿಗೆ ಕೊಡೋಣ ಅಂತ ತೀರ್ಮಾನ ಆಯಿತು. ಮಾರ್ಚ್ 10ಕ್ಕೆ, ಅವರು ಕೊಟ್ಟ ದಿನಕ್ಕಿಂತ ಐದು ದಿನ ಮುಂಚೆ, ‘ನಾವು ರಿನ್ಯೂ ಮಾಡುತ್ತಿಲ್ಲ, ಇಷ್ಟು ವರ್ಷದ ಸೇವೆಗೆ ಧನ್ಯವಾದ’ ಅಂತ ಮೇಲ್ ಹಾಕಿದೆ.

ಮಾರನೇ ದಿನ ಉತ್ತರ ಬಂತು. ಅದನ್ನು ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ. ‘ಒಪ್ಪಂದದ 14ನೇ ಷರತ್ತಿನ ಪ್ರಕಾರ ಮುಂದುವರಿಸದಿರುವ ಸೂಚನೆ ಅವಧಿ ಮುಗಿಯುವ 60 ದಿನ ಮೊದಲು ಬರಹದಲ್ಲಿ ತಲುಪಬೇಕಿತ್ತು. ತಲುಪಿಲ್ಲವಾದ್ದರಿಂದ ಒಪ್ಪಂದ ಒಂದು ವರ್ಷಕ್ಕೆ ತಾನಾಗಿ ಮುಂದುವರಿದಿದೆ.’

ಕ್ಯಾಲೆಂಡರ್ ತೆಗೆದು ಬೆರಳಲ್ಲಿ ಎಣಿಸಿದೆ. ಮಾರ್ಚ್ 31ರಿಂದ ಹಿಂದಕ್ಕೆ 60 ದಿನ ಅಂದರೆ ಜನವರಿ 30. ಅವರ ಪತ್ರ ಬಂದದ್ದು ಫೆಬ್ರವರಿ 6ಕ್ಕೆ. ಅಂದರೆ ‘ನಿಮ್ಮ ತೀರ್ಮಾನ ತಿಳಿಸಿ’ ಅಂತ ಕೇಳುವ ಹೊತ್ತಿಗೆ ಬಿಟ್ಟುಹೋಗುವ ತೀರ್ಮಾನದ ಗಡುವು ಮುಗಿದು ಒಂದು ವಾರ ಆಗಿತ್ತು!

ಫೋನ್ ಮಾಡಿದೆ. ‘ಮತ್ತೆ ಮಾರ್ಚ್ 15 ಅಂತ ಯಾಕೆ ಬರೆದಿರಿ?’ ಅಂತ ಕೇಳಿದೆ.

‘ಸರ್, ಅದು ಆಯ್ಕೆ ತಿಳಿಸೋಕೆ. ಮೂರರಲ್ಲಿ ಯಾವುದು ಅಂತ. ಬಿಡೋದಕ್ಕೆ ಅಲ್ಲ.’

‘ಬಿಡಬಹುದಾ ಇಲ್ಲವಾ ಅಂತ ಪತ್ರದಲ್ಲಿ ಎಲ್ಲೂ ಇಲ್ಲವಲ್ಲ?’

‘ಕೆಳಗಡೆ ಇದೆ ನೋಡಿ ಸರ್. ಇತರ ಷರತ್ತುಗಳು ಹಾಲಿ ಒಪ್ಪಂದದಂತೆ.’

ಇತ್ತು. ಕೊನೆಯ ಸಾಲು, ಸಹಿಯ ಮೇಲೆ, ಸಣ್ಣ ಅಕ್ಷರದಲ್ಲಿ. ಆ ಮೂರ್ನಾಲ್ಕು ಪದಗಳೊಳಗೆ 14ನೇ ಷರತ್ತು ಪೂರ್ತಿ ಕೂತಿತ್ತು. ಆಗ ಪತ್ರವನ್ನು ಮತ್ತೆ ತೆಗೆದು ನೋಡಿದೆ. ಮೂರು ಆಯ್ಕೆಗಳಲ್ಲಿ ‘ಮುಂದುವರಿಸುವುದಿಲ್ಲ’ ಅನ್ನುವ ನಾಲ್ಕನೆಯದು ಇರಲೇ ಇಲ್ಲ. ಫೆಬ್ರವರಿಯಲ್ಲೇ ಅದು ಕಣ್ಣಿಗೆ ಬೀಳಬೇಕಿತ್ತು ನನಗೆ. ಬೀಳಲಿಲ್ಲ.

ಪರಿಚಯದ ವಕೀಲರನ್ನು ಕೇಳಿದೆ. ‘ಅವರೇ ಬೇರೆ ದಿನ ಕೊಟ್ಟಿದ್ದಾರೆ ಅಂತ ವಾದ ಮಾಡಬಹುದು. ಆದರೆ ವಾದ ಮುಗಿಯುವವರೆಗೆ ಲಿಫ್ಟ್ ಯಾರು ನೋಡಿಕೊಳ್ಳುತ್ತಾರೆ?’ ಅಂದರು. ಕಂಪನಿಯವರೂ ಅಷ್ಟರಲ್ಲಿ ಸೂಚ್ಯವಾಗಿ ಅದನ್ನೇ ಹೇಳಿದ್ದರು. ಹಣ ಬರದಿದ್ದರೆ ಏಪ್ರಿಲ್‌ನಿಂದ ಬ್ರೇಕ್‌ಡೌನ್ ಕರೆಗೆ ಜನ ಕಳಿಸುವುದಿಲ್ಲ ಅಂತ. ನಾಲ್ಕನೇ ಮಹಡಿಯಲ್ಲಿ ಮಂಡಿ ನೋವಿನ ಅಜ್ಜಿ ಇದ್ದಾರೆ. ರಿಸ್ಕ್ ಬೇಡ ಅಂತ ಮೊದಲನೇ ಆಯ್ಕೆಗೆ ಇಡೀ ವರ್ಷದ ಹಣ ಕಟ್ಟಿದೆ. ಹೇಗೂ ಕಾಂಪ್ರಹೆನ್ಸಿವ್ ಅಲ್ವಾ, ದರ ಸ್ವಲ್ಪ ಜಾಸ್ತಿ ಆಯಿತು ಅಷ್ಟೇ ಅಂದುಕೊಂಡೆ.

ಅಷ್ಟೇ ಆಗಿರಲಿಲ್ಲ.

ಜೂನ್‌ನಲ್ಲಿ ಒಂದು ಬೆಳಿಗ್ಗೆ ಲಿಫ್ಟ್ ನೆಲಮಹಡಿಯಲ್ಲಿ ನಿಂತುಬಿಟ್ಟಿತು. ಬಾಗಿಲು ಅರ್ಧ ಮುಚ್ಚುತ್ತೆ, ನಡುಗುತ್ತೆ, ಮತ್ತೆ ತೆರೆದುಕೊಳ್ಳುತ್ತೆ. ಬಾಗಿಲು ಪೂರ್ತಿ ಮುಚ್ಚಿ ಲಾಕ್ ಆದ ಸಂಕೇತ ಸಿಗದೆ ಲಿಫ್ಟ್ ಹೊರಡುವುದಿಲ್ಲ. ಅದು ಸುರಕ್ಷತೆಗೆ ಇರುವ ವ್ಯವಸ್ಥೆ, ಅದರ ಬಗ್ಗೆ ನನಗೆ ದೂರಿಲ್ಲ. ಟೆಕ್ನೀಶಿಯನ್ ಬಂದು ಕ್ಯಾಬಿನ್ ಮೇಲೆ ಹತ್ತಿ ನೋಡಿದರು. ಬಾಗಿಲನ್ನು ತೆರೆದು ಮುಚ್ಚುವ ಮೋಟಾರಿಗೆ ಒಂದು ಬೋರ್ಡ್ ಇರುತ್ತದೆ, ಡೋರ್ ಆಪರೇಟರ್ ಬೋರ್ಡ್. ಅದು ಹೋಗಿದೆ, ಬದಲಾಯಿಸಬೇಕು ಅಂದರು. ಆಯಿತು, ಬದಲಾಯಿಸಿ ಅಂದೆ. ಸಂಜೆ ಬೋರ್ಡ್ ಬರಲಿಲ್ಲ, ಅದರ ಕೊಟೇಶನ್ ಬಂತು.

‘ಇದು ಕಾಂಪ್ರಹೆನ್ಸಿವ್. ಬಿಡಿಭಾಗ ನಿಮ್ಮದೇ’ ಅಂದೆ.

‘ಡೋರ್ ಬೋರ್ಡ್ ಲಿಸ್ಟ್‌ನಲ್ಲಿ ಇಲ್ಲ ಸರ್.’

‘ಎರಡು ವರ್ಷದ ಹಿಂದೆ ಇದೇ ಬೋರ್ಡ್ ದುಡ್ಡಿಲ್ಲದೆ ಹಾಕಿಕೊಟ್ಟಿದ್ದೀರಿ!’

‘ಅದು ಹಳೇ ಷರತ್ತು ಸರ್.’

ಅವತ್ತು ರಾತ್ರಿ ಹಳೆಯ ಒಪ್ಪಂದದ ಅನುಬಂಧ, ಹೊಸ ಪತ್ರದ ಅನುಬಂಧ ಎರಡನ್ನೂ ಊಟದ ಮೇಜಿನ ಮೇಲೆ ಹರಡಿಕೊಂಡು ಪೆನ್ಸಿಲ್ ಹಿಡಿದು ಕೂತೆ. ಗೊತ್ತಾಗಲು ಅರ್ಧ ಗಂಟೆ ಹಿಡಿಯಿತು. ಗೊತ್ತಾದಾಗ ಮುಖ ಬಿಸಿಯಾಯಿತು.

ಹಳೆಯದರ ತಲೆಬರಹ: ‘ಒಪ್ಪಂದಕ್ಕೆ ಸೇರದ ಭಾಗಗಳು’. ಅದರ ಕೆಳಗೆ ಐದೇ ಸಾಲು. ಕ್ಯಾಬಿನ್‌ನ ದೀಪ ಮತ್ತು ಫ್ಯಾನ್, ಕ್ಯಾಬಿನ್‌ನ ಒಳಗೋಡೆ ಮತ್ತು ನೆಲಹಾಸು, ಕರೆಂಟ್ ಹೋದಾಗ ಹತ್ತಿರದ ಮಹಡಿಗೆ ತರುವ ರೆಸ್ಕ್ಯೂ ಬ್ಯಾಟರಿ, ನೀರು ನುಗ್ಗಿ ಆದ ಹಾನಿ, ದುರ್ಬಳಕೆಯಿಂದ ಆದ ಹಾನಿ. ಈ ಐದು ಬಿಟ್ಟು ಮಿಕ್ಕದ್ದೆಲ್ಲ ಅವರ ಜವಾಬ್ದಾರಿ.

ಹೊಸದರ ತಲೆಬರಹ: ‘ಒಪ್ಪಂದಕ್ಕೆ ಸೇರಿದ ಭಾಗಗಳು’. ಕೆಳಗೆ ಹದಿನೆಂಟು ಸಾಲು! ಮೋಟಾರ್, ಬ್ರೇಕ್, ಹಗ್ಗ, ಗೈಡ್ ಶೂ, ಕಂಟ್ರೋಲರ್‌ನ ಮುಖ್ಯ ಬೋರ್ಡ್, ಕಾಂಟ್ಯಾಕ್ಟರ್, ಬಟನ್‌ಗಳು, ಹೀಗೆ. ಫೆಬ್ರವರಿಯಲ್ಲಿ ಆ ಉದ್ದ ಪಟ್ಟಿ ನೋಡಿ ನಾನು ಖುಷಿಪಟ್ಟಿದ್ದೆ. ಪರವಾಗಿಲ್ಲ, ಇಷ್ಟೊಂದು ಕೊಡುತ್ತಾರೆ ಅಂತ ಕಮಿಟಿಗೆ ಓದಿ ಬೇರೆ ಹೇಳಿದ್ದೆ. ಈಗ ಅರ್ಥ ಆಯಿತು. ಮೊದಲು ಹೆಸರು ಬರೆದದ್ದು ಹೊರಗೆ, ಬರೆಯದ್ದೆಲ್ಲ ಒಳಗೆ ಇತ್ತು. ಈಗ ಹೆಸರು ಬರೆದದ್ದು ಮಾತ್ರ ಒಳಗೆ. ಬರೆಯದೇ ಬಿಟ್ಟದ್ದೆಲ್ಲ ಹೊರಗೆ. ಡೋರ್ ಆಪರೇಟರ್ ಇಲ್ಲ. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ ಇಲ್ಲ. ಎನ್‌ಕೋಡರ್ ಇಲ್ಲ. ಡ್ರೈವ್ ಹೋದರೆ ಖರ್ಚು ಎಷ್ಟು ದೊಡ್ಡದು ಅಂತ ಲಿಫ್ಟ್ ನೋಡಿಕೊಳ್ಳುವ ಯಾರನ್ನಾದರೂ ಕೇಳಿ. ಪಟ್ಟಿ ಉದ್ದವಾಯಿತು, ಜವಾಬ್ದಾರಿ ಚಿಕ್ಕದಾಯಿತು. ಹೆಸರು ಮಾತ್ರ ಎರಡರಲ್ಲೂ ಅದೇ, ಕಾಂಪ್ರಹೆನ್ಸಿವ್.

ಪತ್ರದಲ್ಲಿ ‘ಪರಿಷ್ಕೃತ ಷರತ್ತುಗಳು’ ಅನ್ನುವ ಭಾಗವೇ ಇತ್ತು. ಅದರಲ್ಲಿ ದರ ಏರಿಕೆ ಇತ್ತು, ಹಣ ಕಟ್ಟುವ ವಿಧಾನ ಇತ್ತು, ಬ್ರೇಕ್‌ಡೌನ್ ನಂಬರ್ ಬದಲಾಗಿದೆ ಅಂತಲೂ ಇತ್ತು. ಫೋನ್ ನಂಬರ್ ಬದಲಾದದ್ದನ್ನು ಹೇಳಿದವರಿಗೆ ಪಟ್ಟಿ ತಲೆಕೆಳಗಾದದ್ದನ್ನು ಹೇಳಲು ಒಂದು ಸಾಲು ಸಿಗಲಿಲ್ಲ. ‘ಬಿಡಿಭಾಗಗಳ ವಿವರ ಅನುಬಂಧದಲ್ಲಿದೆ’ ಅಷ್ಟೇ.

ಇದನ್ನೂ ಕೇಳಿದೆ. ಈ ಸಲ ಮೇಲಿನ ಅಧಿಕಾರಿ ಮಾತಾಡಿದರು, ಬಹಳ ಮೃದುವಾಗಿ. ‘ಈಗ ಎಲ್ಲರಿಗೂ ಇದೇ ಫಾರ್ಮ್ಯಾಟ್ ಸರ್. 14ನೇ ಷರತ್ತಿನಲ್ಲೇ ಇದೆಯಲ್ಲ, ಆಗ ಚಾಲ್ತಿಯಲ್ಲಿರುವ ದರ ಮತ್ತು ಷರತ್ತುಗಳಂತೆ ಮುಂದುವರಿಯುತ್ತದೆ ಅಂತ.’ ನಾನು ಒಪ್ಪಿ ಸಹಿ ಹಾಕಿಲ್ಲ ಅಂದೆ. ‘ಹಣ ಕಟ್ಟಿದ್ದೀರಿ ಸರ್. ಕಟ್ಟಿದ ಮೇಲೆ ಒಪ್ಪಿದ ಹಾಗೇ ಅಲ್ವಾ?’

ಆ ‘ಅಲ್ವಾ’ ಇನ್ನೂ ಕಿವಿಯಲ್ಲಿದೆ.

ಒಂಬತ್ತು ದಿನ ಲಿಫ್ಟ್ ನಿಂತಿತ್ತು. ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಯಾರೋ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟರು, ಅಜ್ಜಿ ಕೂತು ಸುಧಾರಿಸಿಕೊಳ್ಳಲಿ ಅಂತ. ನಾನು ಹತ್ತಿ ಇಳಿಯುವಾಗಲೆಲ್ಲ ಅವರು ಅಲ್ಲಿ ಒಂದು ಕೈ ಮಂಡಿಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ‘ಇವತ್ತು ಸರಿ ಹೋಗುತ್ತಾ ಮಗಾ?’ ಅಂತ ಕೇಳುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕೊನೆಗೆ ಕೂಲಿ ಬಿಟ್ಟರು, ಬೋರ್ಡಿನ ಹಣ ಬಿಡಲಿಲ್ಲ. ಅಸೋಸಿಯೇಷನ್ ಹಣದಿಂದ ಕಟ್ಟಿದ್ದೇವೆ. ಸಭೆಯಲ್ಲಿ ಎದ್ದು ನಿಂತು ಇದನ್ನೆಲ್ಲ ಹೇಳಬೇಕಾಯಿತು ನಾನು.

ಲಿಫ್ಟೇ ಆಗಬೇಕಿಲ್ಲ. ಜನರೇಟರ್, ಯುಪಿಎಸ್, ಎಸಿ, ಯಾವ ಎಎಂಸಿ ಇದ್ದರೂ ಇವತ್ತೇ ಹಳೆಯ ಒಪ್ಪಂದ ತೆಗೆದು ‘ತಾನಾಗಿ ಮುಂದುವರಿಯುತ್ತದೆ’ ಅನ್ನುವ ಸಾಲು ಹುಡುಕಿ. 30 ದಿನವೋ, 60ವೋ, 90ವೋ ನೋಡಿ, ಹಿಂದಕ್ಕೆ ಎಣಿಸಿ, ಆ ದಿನಕ್ಕೂ ಎರಡು ವಾರ ಮುಂಚೆ ಫೋನಿನಲ್ಲಿ ಅಲಾರಂ ಇಡಿ. ಅವರ ರಿನ್ಯೂವಲ್ ಪತ್ರಕ್ಕೆ ಕಾಯಬೇಡಿ, ಅದು ತಡವಾಗಿಯೇ ಬರಬಹುದು. ಪತ್ರ ಬಂದರೆ ‘ಈ ದಿನದೊಳಗೆ ಬೇಡ ಅಂತ ಹೇಳಿದರೂ ನಡೆಯುತ್ತದೆಯೇ?’ ಅಂತ ಮೇಲ್‌ನಲ್ಲಿ ಕೇಳಿ, ಉತ್ತರ ಬರಹದಲ್ಲೇ ತೆಗೆದುಕೊಳ್ಳಿ. ಅನುಬಂಧದ ತಲೆಬರಹ ‘ಸೇರಿದ’ ಅಂತ ಇದೆಯಾ, ‘ಸೇರದ’ ಅಂತ ಇದೆಯಾ ನೋಡಿ. ಬದಲಾಗಿದ್ದರೆ ಹಳೆಯ ಅನುಬಂಧವೇ ಬೇಕು ಅಂತ ಹಣ ಕಟ್ಟುವ ಮೊದಲೇ ಹಟ ಹಿಡಿಯಿರಿ. ಕಟ್ಟಿದ ಮೇಲೆ ನಮ್ಮ ಮಾತು ಯಾರೂ ಕೇಳಲ್ಲ, ನನ್ನದನ್ನು ಕೇಳಲಿಲ್ಲ.

ಬರುವ ವರ್ಷ ಮುಂದುವರಿಸುವುದಿಲ್ಲ ಅನ್ನುವ ಸೂಚನೆಯನ್ನು ನಾನು ಈ ಜುಲೈಯಲ್ಲೇ ಕಳಿಸಿದ್ದೇನೆ. ಮೇಲ್‌ನಲ್ಲೂ, ಸ್ಪೀಡ್ ಪೋಸ್ಟ್‌ನಲ್ಲೂ. ‘ಇಷ್ಟು ಬೇಗ ಯಾಕೆ ಸರ್, ಇನ್ನೂ ಟೈಮ್ ಇದೆ’ ಅಂತ ಫೋನ್ ಬಂತು. ಪತ್ರ ತಲುಪಿದ್ದಕ್ಕೆ ಅವರ ಆಫೀಸಿನ ಸೀಲು ಇರುವ ಸ್ವೀಕೃತಿ ಚೀಟಿ ಈಗ ಒಪ್ಪಂದದ ಫೈಲಿನ ಮೊದಲ ಹಾಳೆಗೆ ಪಿನ್ ಹಾಕಿಟ್ಟಿದೆ.