ಹೆಸರಿನ ಪಟ್ಟಿ ತೆಗೆಯಬೇಕಾ? ಹಳೇ ಪ್ರಾಜೆಕ್ಟೋ, ಮೂಲ ಕ್ಲಿಪ್ಪೋ

ಚಿಕ್ಕಮಗಳೂರಿನ ಹೋಮ್‌ಸ್ಟೇ ಒಂದಕ್ಕೆ ನೀವೇ ಮಾಡಿಕೊಟ್ಟ ವಿಡಿಯೊ ಅಂದುಕೊಳ್ಳಿ. ಮಾಲೀಕರು ಮಾತಾಡುವಾಗ ಕೆಳಗೆ ಅವರ ಹೆಸರು, ಫೋನ್ ನಂಬರ್ ಬರುತ್ತದೆ. ಈಗ ನಂಬರ್ ಬದಲಾಗಿದೆ, ಪಟ್ಟಿಯೇ ಬೇಡ ಅಂತಾರೆ.

ಆ ವಿಡಿಯೊ ಎಡಿಟ್ ಮಾಡಿದ ಪ್ರೀಮಿಯರ್ ಪ್ರಾಜೆಕ್ಟ್ ಇದ್ದರೆ ಅದನ್ನೇ ತೆರೆಯಿರಿ. ಟೈಟಲ್ ಇರುವ ಟ್ರ್ಯಾಕಿನ ಕಣ್ಣಿನ ಗುರುತು ಒತ್ತಿದರೆ ಇಡೀ ಟ್ರ್ಯಾಕ್ ಮರೆಯಾಗುತ್ತದೆ. ಆದರೆ ಅದೇ ಟ್ರ್ಯಾಕಿನಲ್ಲಿ ಲೋಗೊ ಅಥವಾ ತೋಟದ ಶಾಟ್ ಇದ್ದರೆ ಅದೂ ಹೋಗುತ್ತದೆ. ಹಾಗಾಗಿ ಟೈಟಲ್ ಕ್ಲಿಪ್ಪನ್ನು ಮಾತ್ರ ಆರಿಸಿ Enable ತೆಗೆಯುವುದು ಒಳ್ಳೆಯದು. ಆಮೇಲೂ ಅಕ್ಷರ ಕಾಣಿಸಿದರೆ ಅದು ನೆಸ್ಟ್ ಒಳಗೆ, ಅಂದರೆ ಹಲವು ಕ್ಲಿಪ್ ಸೇರಿಸಿ ಒಂದೇ ಕ್ಲಿಪ್ಪಿನಂತೆ ಮಾಡಿದ ಸೀಕ್ವೆನ್ಸಿನೊಳಗೆ ಇರಬಹುದು. ಆ ನೆಸ್ಟ್ ಮೇಲೆ ಡಬಲ್ ಕ್ಲಿಕ್ ಮಾಡಿ ಒಳಗೆ ಹೋಗಿ.

ಪ್ರಾಜೆಕ್ಟ್ ಕಳೆದು ಕ್ಯಾಮೆರಾ ಕ್ಲಿಪ್ ಮಾತ್ರ ಉಳಿದಿದ್ದರೆ? ಮುಗಿದ ವಿಡಿಯೊವನ್ನು ಕೆಳಗಿನ ಟ್ರ್ಯಾಕಿನಲ್ಲಿಡಿ. ಪಟ್ಟಿ ಇರುವ ಜಾಗದಲ್ಲಿ ಮೂಲ ಕ್ಲಿಪ್ಪನ್ನು ಮೇಲೆ ಕೂರಿಸಿ, ಮಾತಿನ ಧ್ವನಿ ನೋಡಿ ಹೊಂದಿಸಿ. ತಲೆನೋವು ಬಣ್ಣದ್ದು. ಹಳೇ ಗ್ರೇಡಿಂಗ್ ಇಲ್ಲದ ಕಾರಣ ಕ್ಲಿಪ್ ಶುರುವಾಗುವಲ್ಲಿ ಮುಖದ ಬಣ್ಣ ಜಿಗಿಯುತ್ತದೆ. ಹಾಗಾಗಿ ಹೊಲಿಗೆಯನ್ನು ಪಟ್ಟಿ ಬರುವ ಜಾಗದಲ್ಲಿ ಇಡದೆ, ಮೂಲ ಕ್ಲಿಪ್ಪನ್ನು ಆ ಶಾಟಿನ ಎರಡೂ ಕಟ್‌ವರೆಗೆ ಎಳೆಯಿರಿ. ಆಗ ಸಣ್ಣ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ.

ಸುಮ್ನೆ ಝೂಮ್ ಮಾಡಿ ಕತ್ತರಿಸೋಣ ಅನ್ನಿಸಬಹುದು. 1080 ಸಾಲಿನಲ್ಲಿ ಕೆಳಗಿನ 220 ಕತ್ತರಿಸಿದರೆ ಚಿತ್ರವನ್ನು ಸುಮಾರು 126%ಗೆ ಹಿಗ್ಗಿಸಬೇಕು. ಪಕ್ಕಗಳೂ ಹೋಗುತ್ತವೆ, ಮಸುಕೂ ಆಗುತ್ತದೆ. ಪ್ರಾಜೆಕ್ಟ್ ಇದ್ದರೆ ಮೊದಲ ದಾರಿಯೇ ಸರಿ. ಇಲ್ಲದಿದ್ದರೆ ಎರಡನೆಯದಕ್ಕೆ ಸಮಯ ಕೊಡಿ.